ಗೆಳೆಯನ ಕಾಲೆಳೆಯುವ ಮೂರು ನಿಮಿಷದ ಮಾತು: ಬರೆಯುವುದು ಹೇಗೆ?

ಮೈಕ್ ಹಿಡಿದು "ಮಂಜ ಜಿಪುಣ" ಅಂದರೆ ಯಾರೂ ನಗುವುದಿಲ್ಲ. ಅದು ಬರೀ ದೂರು. "ಮಂಜ ಹೋಟೆಲಿಗೆ ಒಬ್ಬನೇ ಹೋದರೂ ಕಾಫಿ ಒನ್ ಬೈ ಟೂ ಹೇಳುತ್ತಾನೆ" ಅನ್ನಿ, ನಗು ಬರುತ್ತದೆ. ಮಂಜನೂ ನಗುತ್ತಾನೆ. ಹೇಳಿದ ವಿಷಯ ಎರಡರಲ್ಲೂ ಒಂದೇ. ಆದರೆ ಮೊದಲನೆಯದು ನಿಜ ಇರಬಹುದು, ಎರಡನೆಯದನ್ನು ಯಾರೂ ನಿಜ ಅಂದುಕೊಳ್ಳುವುದಿಲ್ಲ. ಬೈದು ನಗಿಸುವ ಕೆಲಸ ನಿಂತಿರುವುದೇ ಇದರ ಮೇಲೆ. ಉತ್ಪ್ರೇಕ್ಷೆ ಮಾತಿನ ಅಲಂಕಾರಕ್ಕೆ ಮಾತ್ರ ಬರುವುದಲ್ಲ. ಬೈಗುಳವನ್ನು ತಮಾಷೆ ಮಾಡುವುದೇ ಅದು.

ಆಫೀಸಿನ ಸೆಂಡ್ ಆಫ್, ಹಳೇ ಹಾಸ್ಟೆಲ್ ಗೆಳೆಯರ ಕೂಟ, ಮದುವೆಗೆ ಮುಂಚಿನ ಪಾರ್ಟಿ, ಎಲ್ಲೆಡೆ ಈಗ "ರೋಸ್ಟ್ ಮಾಡೋಣ", ಅಂದರೆ ಎಲ್ಲರೆದುರು ಕಾಲೆಳೆಯೋಣ, ಅನ್ನುವವರು ಒಬ್ಬರಾದರೂ ಇರುತ್ತಾರೆ. ಈ ಹೆಸರಿನ ಪದ್ಧತಿ ಬೆಳೆದಿದ್ದು ನ್ಯೂಯಾರ್ಕಿನ ಫ್ರೈಯರ್ಸ್ ಕ್ಲಬ್ಬಿನಲ್ಲಿ. 1904ರಲ್ಲಿ ಶುರುವಾದ ಕ್ಲಬ್ ಅದು. ಪ್ರೀತಿಸುವವರನ್ನು ಮಾತ್ರ ನಾವು ರೋಸ್ಟ್ ಮಾಡುತ್ತೇವೆ ಅನ್ನುವುದು ಅವರ ನಿಯಮವಾಗಿತ್ತು. ಹೆಸರು ಅಲ್ಲಿಂದ ಬಂತು ಅಷ್ಟೇ, ಕಾಲೆಳೆಯುವುದು ನಮಗೇನೂ ಹೊಸದಲ್ಲ. ಮೂರು ನಿಮಿಷದ ಮಾತು ಸಿದ್ಧ ಮಾಡುವುದು ಹೇಗೆ ಅಂತ ಒಬ್ಬನೇ ಮಂಜನನ್ನು ಹಿಡಿದುಕೊಂಡು ನೋಡೋಣ. ಮಂಜ ಕಲ್ಪನೆಯವನು. ಆದರೆ ಇಂಥವನೊಬ್ಬ ನಿಮ್ಮ ಗುಂಪಿನಲ್ಲಿ ಇದ್ದೇ ಇರುತ್ತಾನೆ.

ಮೊದಲು: ಗುಣ ಬರೆಯಬೇಡಿ, ಅವನು ಮಾಡುವುದನ್ನು ಬರೆಯಿರಿ

ಕಾಗದದ ಮೇಲೆ "ಜಿಪುಣ" ಅಂತ ಬರೆದುಕೊಂಡರೆ ಅಲ್ಲಿಂದ ಮುಂದೆ ಹೋಗಲು ದಾರಿ ಇಲ್ಲ. "ಮಹಾ ಜಿಪುಣ", "ಜಿಪುಣಾಗ್ರೇಸರ", ಅಲ್ಲಿಗೆ ಮುಗಿಯಿತು. ಅದರ ಬದಲು ಅವನು ಏನು ಮಾಡುತ್ತಾನೆ ಅಂತ ಬರೆಯಿರಿ. ಬಿಲ್ ಬಂದ ತಕ್ಷಣ ಕೈ ತೊಳೆಯಲು ಎದ್ದು ಹೋಗುತ್ತಾನೆ. ಕಂಡಕ್ಟರ್ ಟಿಕೆಟ್ ಹಿಂದೆ ಬರೆದುಕೊಟ್ಟ ಮೂರು ರೂಪಾಯಿ ಚಿಲ್ಲರೆಗಾಗಿ ಸ್ಟಾಪ್ ದಾಟಿದರೂ ಇಳಿಯುವುದಿಲ್ಲ. ಕೈಸಾಲ ತಗೊಂಡರೆ ಮರೆತುಬಿಡುತ್ತಾನೆ.

ಇವು ಮೂರೂ ಸಣ್ಣ ವಿಷಯ, ಮೂರೂ ನಿಜ. ಕೂತವರೆಲ್ಲ ಒಮ್ಮೆಯಾದರೂ ಕಣ್ಣಾರೆ ನೋಡಿದ್ದಾರೆ. ಈ ನಿಜ ಬೇಕೇ ಬೇಕು. ಮಂಜ ನಿಜಕ್ಕೂ ಧಾರಾಳಿಯಾಗಿದ್ದರೆ ಒನ್ ಬೈ ಟೂ ಮಾತಿಗೆ ಜನ ಪಿಳಿಪಿಳಿ ನೋಡುತ್ತಾರೆ. ಎಷ್ಟೇ ದೊಡ್ಡ ಉತ್ಪ್ರೇಕ್ಷೆಯಾದರೂ ಅದರ ಕೆಳಗೆ ಎಲ್ಲರಿಗೂ ಗೊತ್ತಿರುವ ಒಂದು ಪುಟ್ಟ ನಿಜ ಇರಬೇಕು.

ಇನ್ನೊಂದು ಮಾತು. ಮಂಜ ತನ್ನ ಬಗ್ಗೆ ತಾನೇ ತಮಾಷೆ ಮಾಡಿಕೊಳ್ಳುವ ವಿಷಯವನ್ನೇ ಆರಿಸಿ. "ನಾನು ಸ್ವಲ್ಪ ಹಿಡಿತದ ಮನುಷ್ಯ ಮಾರಾಯ" ಅಂತ ಅವನೇ ಎಂದಾದರೂ ಹೇಳಿದ್ದರೆ ನಿಮಗೆ ಅನುಮತಿ ಸಿಕ್ಕಿದ ಹಾಗೆ.

ದೊಡ್ಡದು ಮಾಡಬೇಡಿ, ಮುಂದಕ್ಕೆ ಒಯ್ಯಿರಿ

ಇಲ್ಲೇ ಹೆಚ್ಚಿನವರು ಎಡವುತ್ತಾರೆ. ಉತ್ಪ್ರೇಕ್ಷೆ ಅಂದರೆ ಸಂಖ್ಯೆ ಏರಿಸುವುದು ಅಂದುಕೊಳ್ಳುತ್ತಾರೆ. "ಬಿಲ್ ಬಂದಾಗ ಮಂಜ ಸಾವಿರ ಸಲ ಕೈ ತೊಳೆಯುತ್ತಾನೆ." ನಗು ಬಂತಾ? ಇಲ್ಲ. ಸಾವಿರ, ಲಕ್ಷ, ಕೋಟಿ ಇವನ್ನೆಲ್ಲ ನಾವು ದಿನವೂ ಬಳಸಿ ಸವೆಸಿಬಿಟ್ಟಿದ್ದೇವೆ. "ನಿನಗೆ ಸಾವಿರ ಸಲ ಹೇಳಿದ್ದೀನಿ" ಅಂತ ಅಮ್ಮ ಬೈದಾಗ ಯಾರು ಎಣಿಸುತ್ತಾರೆ?

ಅಳತೆ ಹೆಚ್ಚಿಸುವ ಬದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಇದು ನಿಜವೇ ಆಗಿದ್ದರೆ ಆಮೇಲೆ ಏನಾಗುತ್ತಿತ್ತು? ಉತ್ತರ ಬಂದ ಮೇಲೆ ಮತ್ತೆ ಕೇಳಿ. ಆಮೇಲೆ?

ಕೈ ತೊಳೆಯುವ ವಿಷಯವನ್ನೇ ತಗೊಳ್ಳೋಣ. ಮಂಜ ಹದಿನೈದು ವರ್ಷದಿಂದ ಬಿಲ್ ಬಂದಾಗಲೆಲ್ಲ ಕೈ ತೊಳೆಯುತ್ತಿದ್ದಾನೆ. ಆಮೇಲೆ? ಕೈ ಸವೆದಿರಬೇಕು. ಸವೆದರೆ ಏನಾಗುತ್ತದೆ? ಅಂಗೈಯ ರೇಖೆಗಳು ಅಳಿಸಿಹೋಗಿರಬೇಕು. ರೇಖೆ ಇಲ್ಲದ ಕೈಯನ್ನು ಯಾರಿಗೆ ತೋರಿಸಿದರೆ ಎಡವಟ್ಟಾಗುತ್ತದೆ? ಕೈ ನೋಡುವ ಜ್ಯೋತಿಷಿಗೆ. ಅವರು ಏನು ಮಾಡುತ್ತಾರೆ? "ಏನೂ ಕಾಣಿಸ್ತಿಲ್ಲಪ್ಪ" ಅಂತ ದಕ್ಷಿಣೆ ವಾಪಸ್ ಕೊಡುತ್ತಾರೆ. ಇಲ್ಲಿ ನಿಲ್ಲಿ. ಮಂಜನಂಥ ಜಿಪುಣನಿಗೆ ದುಡ್ಡು ವಾಪಸ್ ಬಂತು! ಸರಪಳಿ ಸುತ್ತಿ ಬಂದು ಮೊದಲಿನ ಗುಣಕ್ಕೇ ಸೇರಿತು. ಈಗ ಬರೆಯಬಹುದು:

"ಬಿಲ್ ಬಂದಾಗಲೆಲ್ಲ ಕೈ ತೊಳೆದು ತೊಳೆದು ಮಂಜನ ಅಂಗೈಲಿ ಒಂದು ಗೆರೇನೂ ಉಳಿದಿಲ್ಲ. ಮೊನ್ನೆ ಜ್ಯೋತಿಷಿಗಳು ನೋಡಿ ನೋಡಿ ಸಾಕಾಗಿ ದಕ್ಷಿಣೆ ವಾಪಸ್ ಕೊಟ್ರು. ಈಗ ವಾರಕ್ಕೊಬ್ಬ ಜ್ಯೋತಿಷಿ ಹತ್ರ ಹೋಗ್ತಾನೆ. ದುಡ್ಡು ಕೊಡದೆ ನೆರಳಲ್ಲಿ ಕೂರೋಕೆ ಸಿಗೋ ಜಾಗ ಅದೊಂದೇ."

ಇದರಲ್ಲಿ ದೊಡ್ಡ ಸಂಖ್ಯೆ ಒಂದೂ ಇಲ್ಲ. ಒಂದೊಂದು ಹೆಜ್ಜೆಯೂ ಹಿಂದಿನದಕ್ಕೆ ಪ್ರಾಮಾಣಿಕವಾಗಿ ಅಂಟಿಕೊಂಡಿದೆ. ಕೊನೆಗೆ ತಲುಪಿದ ಜಾಗ ಮಾತ್ರ ಹುಚ್ಚುಹುಚ್ಚಾಗಿದೆ. ತರ್ಕ ಸರಿ, ಫಲಿತಾಂಶ ಅಸಂಬದ್ಧ. ಕೇಳುವವರು ಒಪ್ಪುತ್ತಾ ಒಪ್ಪುತ್ತಾ ಬಂದು, ಎಲ್ಲಿಗೆ ಬಂದುಬಿಟ್ಟೆವು ಅಂತ ನೋಡಿದಾಗ ನಗುತ್ತಾರೆ.

ಇದು ಬಹಳ ಹಳೆಯ ವಿದ್ಯೆ. ಮೊದಲನೇ ಶತಮಾನದಲ್ಲಿ, ನೀರೋ ಚಕ್ರವರ್ತಿಯ ಕಾಲದಲ್ಲಿ, ಲೂಕಿಲಿಯೋಸ್ ಅನ್ನುವ ಗ್ರೀಕ್ ಕವಿ ಇಂಥ ಪುಟ್ಟ ಪುಟ್ಟ ಪದ್ಯ ಬರೆದಿದ್ದಾನೆ. ಅವನ ಒಬ್ಬ ಜಿಪುಣ ಸಾಯುವಾಗ ಉಯಿಲು ಬರೆಸಿ, ವಾರಸುದಾರ ಅಂತ ತನ್ನ ಹೆಸರನ್ನೇ ಹಾಕಿಕೊಳ್ಳುತ್ತಾನೆ. ಇನ್ನೊಬ್ಬ ಕನಸಿನಲ್ಲಿ ದುಡ್ಡು ಖರ್ಚು ಮಾಡಿದ್ದಕ್ಕೆ ಸಂಕಟ ತಾಳದೆ ನೇಣು ಹಾಕಿಕೊಳ್ಳುತ್ತಾನೆ. ಎರಡರಲ್ಲೂ ಇರುವುದು ಇದೇ "ಆಮೇಲೆ?" ಪ್ರಶ್ನೆ. ಯಾರಿಗೂ ಕೊಡಲು ಮನಸ್ಸಿಲ್ಲದವನು ಸತ್ತ ಮೇಲೆ ಯಾರಿಗೆ ಕೊಟ್ಟಾನು? ತನಗೇ. ಎರಡು ಸಾವಿರ ವರ್ಷ ಆದರೂ ಆ ಸಾಲು ಹಳಸಿಲ್ಲ.

ಸಂಖ್ಯೆ ಬಳಸಲೇಬೇಕು ಅನಿಸಿದರೆ ಚಿಕ್ಕದನ್ನು, ನಿಖರವಾದದ್ದನ್ನು ಬಳಸಿ. "ಲಕ್ಷಾಂತರ ರೂಪಾಯಿ" ಅನ್ನುವುದಕ್ಕಿಂತ "ಮೂರು ರೂಪಾಯಿ" ಜಾಸ್ತಿ ನಗಿಸುತ್ತದೆ. "ಕಂಡಕ್ಟರ್ ಟಿಕೆಟ್ ಹಿಂದೆ ಬರೆದ ಮೂರು ರೂಪಾಯಿ 2011ರಿಂದ ಬಾಕಿ ಇದೆ. ಮಂಜ ಆ ಟಿಕೆಟ್ ಲ್ಯಾಮಿನೇಟ್ ಮಾಡಿಸಿದ್ದಾನೆ. ಮಗಳ ಮದುವೆಗೆ ಅಂತ."

ಹೋಲಿಕೆ: ಏನು, ಯಾವುದಕ್ಕೆ, ಯಾಕೆ

ಹೈಸ್ಕೂಲ್ ಕನ್ನಡ ಪಾಠದ ಉಪಮಾಲಂಕಾರ ನೆನಪಿದೆಯಾ? ಉಪಮೇಯ, ಉಪಮಾನ, ಉಪಮಾವಾಚಕ, ಸಮಾನಧರ್ಮ ಅಂತ ನಾಲ್ಕು ಕೇಳುತ್ತಿದ್ದರು. ಪರೀಕ್ಷೆ ಮುಗಿದ ಮೇಲೆ ಎಲ್ಲರೂ ಮರೆಯುತ್ತೇವೆ. ಕಾಲೆಳೆಯಲು ಅದರಲ್ಲಿ ಕೊನೆಯದು ಬೇಕು. ಸಮಾನಧರ್ಮ, ಅಂದರೆ ಎರಡಕ್ಕೂ ಇರುವ ಒಂದೇ ಗುಣ.

"ಮಂಜ ಕತ್ತೆ ಇದ್ದ ಹಾಗೆ" ಅಂದರೆ ಅದು ಬರೀ ಬೈಗುಳ. ಯಾಕೆ ಕತ್ತೆ ಅನ್ನುವುದಕ್ಕೆ ಉತ್ತರ ಇಲ್ಲ. "ಮಂಜನ ಪರ್ಸ್ ಬ್ಯಾಂಕ್ ಲಾಕರ್ ಇದ್ದ ಹಾಗೆ" ಅನ್ನುವುದರಲ್ಲಿ ಉತ್ತರ ಇದೆ, ಆದರೆ ಪರ್ಸೂ ದುಡ್ಡಿಡುವ ಜಾಗ, ಲಾಕರೂ ದುಡ್ಡಿಡುವ ಜಾಗ. ತೀರಾ ಹತ್ತಿರ. "ಮಂಜನ ಪರ್ಸ್ ಶನಿಗ್ರಹ ಇದ್ದ ಹಾಗೆ" ಅಂದರೆ ದೂರವೇನೋ ಆಯಿತು, ಯಾಕೆ ಅಂತ ನಿಮಗೂ ಗೊತ್ತಿಲ್ಲ. ಎರಡು ವಸ್ತುಗಳು ಒಂದಕ್ಕೊಂದು ಸಂಬಂಧವೇ ಇಲ್ಲದ ಲೋಕದಿಂದ ಬರಬೇಕು. ಆದರೆ "ಯಾಕೆ?" ಅಂದಾಗ ಒಂದೇ ಉಸಿರಿನಲ್ಲಿ ಉತ್ತರ ಸಿಗಬೇಕು.

ಪರ್ಸಿನ ಒಂದೇ ಒಂದು ಗುಣ ಹಿಡಿಯಿರಿ: ತೆರೆಯುವುದಿಲ್ಲ. ಈಗ ಪರ್ಸ್ ಮರೆತುಬಿಡಿ. ಲೋಕದಲ್ಲಿ ಸುಲಭಕ್ಕೆ ತೆರೆಯದಿರುವುದು ಇನ್ನೇನಿದೆ? ಸರ್ಕಾರಿ ಆಫೀಸಿನ ಕೌಂಟರ್. ರೈಲ್ವೆ ಗೇಟು. ಹಳೇ ಉಪ್ಪಿನಕಾಯಿ ಬಾಟಲಿ. ಕೆಆರ್‌ಎಸ್ ಅಣೆಕಟ್ಟಿನ ಗೇಟು. ನಾಲ್ಕೈದು ಬರೆದ ಮೇಲೆ ಯಾವುದು ದೊಡ್ಡದೋ, ಯಾವುದರ ಸುತ್ತ ಜಾಸ್ತಿ ಗದ್ದಲ ಇದೆಯೋ ಅದನ್ನು ಆರಿಸಿ. ಪುಟ್ಟ ಪರ್ಸಿಗೆ ಎಷ್ಟು ದೊಡ್ಡ ಜೋಡಿ ಸಿಕ್ಕರೆ ಅಷ್ಟು ಮಜಾ.

"ಮಂಜನ ಪರ್ಸ್ ಕೆಆರ್‌ಎಸ್ ಗೇಟ್ ಇದ್ದ ಹಾಗೆ. ತೆರೀಬೇಕಂದ್ರೆ ಸುಪ್ರೀಂ ಕೋರ್ಟ್ ಆರ್ಡರ್."

ಒಳ್ಳೆಯ ಹೋಲಿಕೆಯ ಗುರುತು ಏನು ಅಂದರೆ ಅದು ಒಂದು ಸಾಲಿಗೆ ಮುಗಿಯುವುದಿಲ್ಲ. ಸಮಾನಧರ್ಮ ಗಟ್ಟಿಯಾಗಿದ್ದರೆ ಆ ಲೋಕದ ಬೇರೆ ಮಾತುಗಳೂ ತಾವಾಗಿಯೇ ಇಳಿದು ಬರುತ್ತವೆ. ಅಣೆಕಟ್ಟಿನ ಸುದ್ದಿಯಲ್ಲಿ ದಿನವೂ ಕೇಳುವ ಪದಗಳನ್ನು ನೆನಪಿಸಿಕೊಳ್ಳಿ: ಒಳಹರಿವು, ಹೊರಹರಿವು, ಗರಿಷ್ಠ ಮಟ್ಟ, ಬಾಗಿನ.

"ಆರ್ಡರ್ ಬಂದ್ರೂ ಬಿಡಲ್ಲ. ಒಳಹರಿವು ಕಡಿಮೆ ಇದೆಯಂತೆ. ಸಂಬಳದ ದಿನ ಮಾತ್ರ 124.80 ಅಡಿ ಭರ್ತಿ. ಅವತ್ತು ನಾವೆಲ್ಲ ಹೋಗಿ ಬಾಗಿನ ಅರ್ಪಿಸಿ ಬರ್ತೀವಿ. ನೋಡಿ ಬರೋದಷ್ಟೇ, ಒಂದು ಹನಿ ಬಿಡಲ್ಲ."

ಒಂದು ಹೋಲಿಕೆಯಿಂದ ನಾಲ್ಕು ನಗು. ಮೊದಲ ಸಾಲಿನಲ್ಲೇ ಖಾಲಿಯಾಗಿ ಮುಂದೆ ಏನೂ ಹೊಳೆಯದಿದ್ದರೆ ಉಪಮಾನ ಬದಲಿಸುವುದು ಒಳ್ಳೆಯದು. ಉಪ್ಪಿನಕಾಯಿ ಬಾಟಲಿ ಇಟ್ಟುಕೊಂಡು ಪ್ರಯತ್ನಿಸಿ ನೋಡಿ, ಎರಡನೇ ಸಾಲಿಗೇ ಸುಸ್ತಾಗುತ್ತದೆ.

ಆದರೆ ಈ ಸಾಲು ಎಲ್ಲ ಕಡೆ ನಡೆಯುವುದಿಲ್ಲ. ಮೈಸೂರು, ಬೆಂಗಳೂರಿನವರಿಗೆ 124.80 ಅನ್ನುವುದು ಬಾಯಿಪಾಠ. ಕಲಬುರಗಿಯಲ್ಲಿ ಆ ಸಂಖ್ಯೆ ಯಾರಿಗೂ ಏನೂ ಹೇಳುವುದಿಲ್ಲ. ಇನ್ನು ಮಂಡ್ಯದಲ್ಲಿ ಮಳೆ ಕೈಕೊಟ್ಟ ವರ್ಷ ಇದನ್ನು ಹೇಳಲೇಬೇಡಿ. 2016ರಲ್ಲಿ ನೀರು ಬಿಡಿ ಅಂತ ಕೋರ್ಟ್ ಹೇಳಿದಾಗ ಬೆಂಗಳೂರಿನಲ್ಲಿ ಬಸ್ಸುಗಳಿಗೆ ಬೆಂಕಿ ಬಿದ್ದಿತ್ತು. ಬೆಳೆ ಒಣಗಿದವರ ಮುಂದೆ ಅಣೆಕಟ್ಟು ಉಪಮಾನವಾಗಿ ಉಳಿಯುವುದಿಲ್ಲ, ಅದೇ ವಿಷಯವಾಗಿಬಿಡುತ್ತದೆ. ಹೋಲಿಕೆಗೆ ತಂದ ವಸ್ತು ಕೇಳುವವರ ಮನಸ್ಸಿನಲ್ಲಿ ಮಂಜನಿಗಿಂತ ಭಾರವಾಗಿದ್ದರೆ ಮಂಜನನ್ನು ಎಲ್ಲರೂ ಮರೆಯುತ್ತಾರೆ.

ನಗುವಿನ ಪದ ಕೊನೆಗೆ ಬರಲಿ

ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಕೂರುತ್ತದೆ. ಉಳಿದ ಹೊತ್ತಿನಲ್ಲಿ ಪರವಾಗಿಲ್ಲ, ನಗಿಸುವಾಗ ಅದು ಅಡ್ಡ ಬರುತ್ತದೆ. "ಮಂಜನ ಪರ್ಸ್ ತೆರೆಯಬೇಕಾದರೆ ಸುಪ್ರೀಂ ಕೋರ್ಟಿನ ಆದೇಶ ಬೇಕಾಗುತ್ತದೆ ಅಂತ ನನಗನಿಸುತ್ತದೆ" ಅಂದು ನೋಡಿ. ನಗು ಇರುವುದು "ಸುಪ್ರೀಂ ಕೋರ್ಟಿನ ಆದೇಶ" ಅನ್ನುವಲ್ಲಿ. ಅದಾದ ಮೇಲೂ ನೀವು ಮಾತಾಡುತ್ತಲೇ ಇದ್ದೀರಿ. ಜನ ನಗಲು ಬಾಯಿ ತೆರೆದವರು, ಇವನದು ಮುಗಿದಿಲ್ಲವಲ್ಲ ಅಂತ ತಡೆದುಕೊಳ್ಳುತ್ತಾರೆ. ನಿಮ್ಮ ವಾಕ್ಯ ಮುಗಿಯುವಷ್ಟರಲ್ಲಿ ನಗು ಆರಿಹೋಗಿರುತ್ತದೆ.

ಸರಿಮಾಡಲು ಎರಡು ದಾರಿ ಇವೆ. ಒಂದು, ಕ್ರಿಯಾಪದವನ್ನೇ ಬಿಡುವುದು. ಮಾತಿನ ಕನ್ನಡದಲ್ಲಿ ಅದು ಸಹಜ. "ತೆರೀಬೇಕಂದ್ರೆ ಸುಪ್ರೀಂ ಕೋರ್ಟ್ ಆರ್ಡರ್." ಮುಗೀತು. ಇನ್ನೊಂದು, ಕ್ರಿಯಾಪದವನ್ನು ಮುಂದೆ ತಂದು ಮುಖ್ಯ ಪದವನ್ನು ಹಿಂದೆ ಎಸೆಯುವುದು. "ಮಗಳ ಮದುವೆಗೆ ಅಂತ ಲ್ಯಾಮಿನೇಟ್ ಮಾಡಿಸಿದ್ದಾನೆ" ಅಂದರೆ ಮುಖ್ಯವಾದದ್ದು ಮೊದಲೇ ಸೋರಿಹೋಯಿತು. "ಲ್ಯಾಮಿನೇಟ್ ಮಾಡಿಸಿದ್ದಾನೆ." ಸ್ವಲ್ಪ ತಡೆಯಿರಿ. "ಮಗಳ ಮದುವೆಗೆ ಅಂತ." ಮನೆಯಲ್ಲಿ, ಹರಟೆಯಲ್ಲಿ ನಾವು ಹೀಗೇ ಮಾತಾಡುತ್ತೇವೆ. ಮೈಕ್ ಕೈಗೆ ಬಂದ ಕೂಡಲೇ ಯಾಕೋ ಪಠ್ಯಪುಸ್ತಕದ ವಾಕ್ಯ ಶುರುವಾಗಿಬಿಡುತ್ತದೆ.

"ಎಷ್ಟು ಜಿಪುಣ ಅಂದ್ರೆ" ಅನ್ನುವ ಶುರುವನ್ನು ಮೂರು ನಿಮಿಷದಲ್ಲಿ ಒಂದು ಸಲ ಬಳಸಿದರೆ ಸಾಕು. ಅದು ಈಗ ಜೋಕ್ ಬರುತ್ತದೆ ಅಂತ ಮೊದಲೇ ಡಂಗೂರ ಸಾರುತ್ತದೆ.

ಅರ್ಧ ಉತ್ಪ್ರೇಕ್ಷೆಯೇ ಅಪಾಯ

ಬರೆದ ಒಂದೊಂದು ಸಾಲಿಗೂ ಈ ಪ್ರಶ್ನೆ ಹಾಕಿ: ಮಂಜನನ್ನು ಅಷ್ಟಾಗಿ ಗೊತ್ತಿಲ್ಲದವನು ಇದನ್ನು ನಿಜ ಅಂತ ನಂಬಬಹುದಾ?

"ಮಂಜ ನನ್ನ ಹತ್ತಿರ ಇಪ್ಪತ್ತು ಸಾವಿರ ಕೈಸಾಲ ತಗೊಂಡು ಇನ್ನೂ ಕೊಟ್ಟಿಲ್ಲ." ನಂಬಬಹುದು. ಹಾಗಾಗಿ ಇದು ತಮಾಷೆಯಲ್ಲ, ಸಭೆಯಲ್ಲಿ ನಿಂತು ಮಾಡಿದ ವಸೂಲಿ. "ಮಂಜ ಊರೆಲ್ಲ ಸಾಲ ಮಾಡಿದ್ದಾನೆ." ಇದು ಇನ್ನೂ ಕೆಟ್ಟದ್ದು. ಸ್ವಲ್ಪ ಉಬ್ಬಿಸಿದ್ದೀರಿ, ಆದರೆ ನಂಬಲಾಗದಷ್ಟು ಉಬ್ಬಿಸಿಲ್ಲ. ಹಿಂದಿನ ಸಾಲಿನಲ್ಲಿ ಕೂತ ಅವನ ಮಾವ ಇದನ್ನು ಮನೆಗೆ ಹೊತ್ತುಕೊಂಡು ಹೋಗುತ್ತಾರೆ. ಈಗ ಇದನ್ನು ನೋಡಿ:

"ಮಂಜ ಹುಟ್ಟಿದ ದಿನವೇ ಆಸ್ಪತ್ರೆಯಲ್ಲಿ ಪಕ್ಕದ ತೊಟ್ಟಿಲಿನ ಮಗು ಹತ್ರ ಹಾಲಿನ ಬಾಟಲಿ ಕೈಸಾಲ ತಗೊಂಡ. ಆ ಮಗುಗೆ ಈಗ ನಲವತ್ತು ವರ್ಷ. ಇನ್ನೂ ಕೇಳ್ತಾ ಇದೆ."

ಇದನ್ನು ಯಾರೂ ನಂಬುವುದಿಲ್ಲ. ಆದ್ದರಿಂದ ಯಾರಿಗೂ ಪೆಟ್ಟಾಗುವುದಿಲ್ಲ. ಸಾಲು ಚುಚ್ಚುತ್ತದೆ ಅನಿಸಿದಾಗ ಹೆಚ್ಚಿನವರು ಅದನ್ನು ಮೆತ್ತಗೆ ಮಾಡಲು ನೋಡುತ್ತಾರೆ. ಮಾಡಬೇಕಾದದ್ದು ಅದರ ತದ್ವಿರುದ್ಧ. ಇನ್ನಷ್ಟು ಹುಚ್ಚಾಗಿಸಿ, ನೆಲ ಬಿಡುವ ತನಕ ಎತ್ತಿ.

ಎಷ್ಟೇ ಎತ್ತಿದರೂ ನೆಲ ಬಿಡದ ವಿಷಯಗಳೂ ಇವೆ. ಜಾತಿ, ಮೈಬಣ್ಣ, ದಪ್ಪ, ಮಕ್ಕಳಾಗದಿರುವುದು, ಹೋದ ಕೆಲಸ. ಕಪ್ಪಗಿರುವವರನ್ನು ಕತ್ತಲೆಗೆ, ಟಾರಿಗೆ ಹೋಲಿಸುವ ಜೋಕು ನಮ್ಮಲ್ಲಿ ಇನ್ನೂ ಸಾಕಷ್ಟು ಓಡುತ್ತಿದೆ. ನನಗೆ ಅದು ಸೋಮಾರಿತನ ಅನಿಸುತ್ತದೆ. ಸಮಾನಧರ್ಮ ಕಣ್ಣೆದುರೇ ಇದೆ, ಹುಡುಕುವ ಕೆಲಸವೇ ಇಲ್ಲ. ಅದಕ್ಕಿಂತ ಮುಖ್ಯ, ಬಿಲ್ ಬಂದಾಗ ಎದ್ದು ಹೋಗುವುದನ್ನು ಮಂಜ ನಾಳೆಯೇ ಬಿಡಬಹುದು. ಮೈಬಣ್ಣವನ್ನು ಬಿಡಲಾಗುವುದಿಲ್ಲ. ಆ ಮಾತನ್ನು ಅವನು ಹಾಲ್‌ನ ಹೊರಗೂ ದಿನವೂ ಕೇಳುತ್ತಿರುತ್ತಾನೆ, ತಮಾಷೆಯಾಗಿ ಅಲ್ಲದೆ.

ಮೊಬೈಲ್ ವಿಷಯವನ್ನೂ ಮೊದಲೇ ಹೇಳಿಬಿಡಿ. 2014ರ ಡಿಸೆಂಬರಿನಲ್ಲಿ ಮುಂಬೈಯಲ್ಲಿ ಎಐಬಿ ಅನ್ನುವ ಹಾಸ್ಯ ತಂಡ ಇಬ್ಬರು ಸಿನಿಮಾ ನಟರ ರೋಸ್ಟ್ ನಡೆಸಿತು. ಟಿಕೆಟ್ ಕೊಂಡು ಬಂದವರು ಬಿದ್ದು ಬಿದ್ದು ನಕ್ಕರು, ನಟರೂ ನಕ್ಕರು. ಮುಂದಿನ ವರ್ಷದ ಆರಂಭದಲ್ಲಿ ಅದೇ ವಿಡಿಯೋ ಯೂಟ್ಯೂಬಿಗೆ ಬಂದಾಗ ಪೊಲೀಸ್ ದೂರುಗಳಾದವು, ಕೆಲವೇ ದಿನಗಳಲ್ಲಿ ತಂಡ ವಿಡಿಯೋ ತೆಗೆದುಹಾಕಿತು. ಅಲ್ಲಿನ ಭಾಷೆ ತೀರಾ ಒರಟಾಗಿತ್ತು ಅನ್ನುವುದು ಬೇರೆ ಮಾತು. ಆದರೆ ಹಾಲ್‌ನಲ್ಲಿ ಕೂತವರಿಗೆ ಇದು ಆಟ ಅಂತ ಗೊತ್ತಿತ್ತು, ತುಣುಕು ನೋಡಿದವರಿಗೆ ಬೈಗುಳ ಮಾತ್ರ ಸಿಕ್ಕಿತು. ನಿಮ್ಮ ಮೂರು ನಿಮಿಷದಲ್ಲಿ ಹತ್ತು ಸೆಕೆಂಡು ಯಾರದೋ ವಾಟ್ಸಾಪ್ ಸ್ಟೇಟಸ್ ಆದರೂ ಇದೇ ಕಥೆ.

ದೊಡ್ಡವರಾದರೆ

ಕಾಲೆಳೆಯಬೇಕಾದವರು ನಿವೃತ್ತರಾಗುತ್ತಿರುವ ಸಾಹೇಬರು ಅಂದುಕೊಳ್ಳಿ. "ಇವನು" ಅನ್ನಲಾಗುವುದಿಲ್ಲ. ಅನ್ನಬೇಕಾಗಿಯೂ ಇಲ್ಲ. ಬಹುವಚನ, ಗೌರವ ಎಲ್ಲ ಹಾಗೇ ಇಟ್ಟುಕೊಂಡು ಹೊಗಳಿಕೆಯನ್ನೇ ಉತ್ಪ್ರೇಕ್ಷೆ ಮಾಡಿ. ಹೊಗಳುವ ಹಾಗೆ ತೆಗಳುವುದಕ್ಕೆ ನಮ್ಮಲ್ಲಿ ವ್ಯಾಜಸ್ತುತಿ ಅನ್ನುವ ಹೆಸರೇ ಇದೆ. ಬೈದ ಹಾಗೆ ಹೊಗಳುವ ನಿಂದಾಸ್ತುತಿಯಲ್ಲಿ ದೇವರನ್ನೂ ಬಿಟ್ಟಿಲ್ಲ, ಸಾಹೇಬರು ಯಾವ ಲೆಕ್ಕ.

"ಸಾಹೇಬರು ಮೂವತ್ತು ವರ್ಷದ ಸರ್ವೀಸಿನಲ್ಲಿ ಒಂದು ದಿನವೂ ತಡವಾಗಿ ಬಂದವರಲ್ಲ. ಆಫೀಸನ್ನೇ ದಿನವೂ ಎರಡು ಗಂಟೆ ಬೇಗ ತೆರೆಯುತ್ತಿದ್ದರು. ಅದು ಇಲಾಖೆಯ ತಪ್ಪು."

ಕೊನೆಯ ಮೂರು ಪದ ಹೇಳುವಾಗ ನಗಬೇಡಿ. ಮುಖ ಗಂಭೀರವಾಗಿದ್ದಷ್ಟೂ ಒಳ್ಳೆಯದು.

ಜೋಡಿಸುವುದು, ಓದಿ ನೋಡುವುದು

ನಗುವಿಗೆ ಬಿಡುವು ಕೊಟ್ಟರೆ ಮೂರು ನಿಮಿಷಕ್ಕೆ ಎಂಟು-ಹತ್ತು ಸಾಲು ಸಾಕು. ಮೊದಲ ಸಾಲು ನಿಮ್ಮ ಮೇಲೆಯೇ ಇರಲಿ. ಆಮೇಲೆ ಒನ್ ಬೈ ಟೂ, ಅದು ಸಣ್ಣದು, ಆಟ ಶುರುವಾಯಿತು ಅಂತ ತಿಳಿಸುತ್ತದೆ. ನಡುವೆ ಅಣೆಕಟ್ಟು. ಜ್ಯೋತಿಷಿಯ ಕಥೆಯಲ್ಲಿ ಹೆಜ್ಜೆಗಳು ಜಾಸ್ತಿ, ಹಾಗಾಗಿ ಜನ ಬಿಸಿಯಾದ ಮೇಲೆ, ಕೊನೆಗೆ. ಎಲ್ಲವೂ ಒಂದೇ ಗುಣದ ಸುತ್ತ ಇರಲಿ. ಜಿಪುಣತನ, ಗೊರಕೆ, ಬೋಳುತಲೆ ಎಲ್ಲ ಸೇರಿಸಿದರೆ ಅವನ ಮೇಲೆ ಚಾರ್ಜ್‌ಶೀಟ್ ಓದಿದ ಹಾಗಾಗುತ್ತದೆ.

ಮಂಜನನ್ನು ಚೆನ್ನಾಗಿ ಬಲ್ಲ ಒಬ್ಬರಿಗೆ ಮುಂಚೆಯೇ ಗಟ್ಟಿಯಾಗಿ ಓದಿ ತೋರಿಸಿ. ಅವನ ಹೆಂಡತಿಯಾದರೆ ಇನ್ನೂ ಒಳ್ಳೆಯದು. ಯಾವ ಸಾಲು ಬಿಡಬೇಕು ಅಂತ ಅವರಿಗೆ ಗೊತ್ತಿರುತ್ತದೆ, ಬದಲಿಗೆ ಇನ್ನೆರಡು ಒಳ್ಳೆಯ ಸುದ್ದಿಯನ್ನೂ ಅವರೇ ಕೊಡುತ್ತಾರೆ. ಓದುವಾಗ ಕೇಳುವವರ ಮುಖ ನೋಡಿ. ಹುಬ್ಬು ಗಂಟಿಕ್ಕಿದರೆ ಸಮಾನಧರ್ಮ ಕಾಣುತ್ತಿಲ್ಲ. ನೀವು ಮುಗಿಸುವ ಮೊದಲೇ ನಕ್ಕರೆ ಸಾಲಿನ ಬಾಲ ಉದ್ದವಾಗಿದೆ, ಕತ್ತರಿಸಿ. "ಅಯ್ಯೋ" ಅಂತ ಉಸಿರೆಳೆದರೆ ಅದು ನಿಜಕ್ಕೆ ತೀರಾ ಹತ್ತಿರ ಇದೆ.

ವೇದಿಕೆಯ ಮೇಲೆ ಇನ್ನೊಂದು ಸೂಚನೆ ಸಿಗುತ್ತದೆ. ನಗುವ ಮೊದಲು ಜನ ಮಂಜನ ಮುಖ ನೋಡಿದರೆ, ನಗಬಹುದಾ ಅಂತ ಅವನನ್ನೇ ಕೇಳುತ್ತಿದ್ದಾರೆ ಅಂತ ಅರ್ಥ. ಆಗ ಮುಂದಿನ ಚೂಪಾದ ಸಾಲನ್ನು ಹಾರಿಸಿ ತೊಟ್ಟಿಲಿನ ಮಗುವಿಗೆ ಹೋಗಿ.

ನಿಮ್ಮದು ಮುಗಿದ ಮೇಲೆ ಮೈಕ್ ಮಂಜನಿಗೆ ಕೊಡಬೇಕು. ರೋಸ್ಟ್‌ನಲ್ಲಿ ಕೊನೆಯ ಮಾತು ಬೈಸಿಕೊಂಡವನದ್ದೇ. ಅವನಿಗೆ ಸಿದ್ಧವಾಗಲು ಹಿಂದಿನ ದಿನವೇ ಹೇಳಿಡಿ. ಅವನು ನಿಮ್ಮ ಬಗ್ಗೆ ಹೇಳುವಾಗ "ಹಾಗಲ್ಲ, ನಡೆದಿದ್ದು ಏನು ಅಂದ್ರೆ" ಅಂತ ನಡುವೆ ಬಾಯಿ ಹಾಕಬೇಡಿ.